ಕ್ಯಾಮೆರಾದ ಹಿಂದಿನ ಬಾಗಿಲು

ನರೇಗಾ ಕಾಮಗಾರಿ ನಡೆಯುವ ಜಾಗದಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆದು ಆ್ಯಪ್‌ಗೆ ಹಾಕಬೇಕಿತ್ತು. 2023ರ ಜನವರಿಯಿಂದ ಇದು ಕಡ್ಡಾಯವಾಯಿತು. ಫೋಟೊ ಇದ್ದ ಮೇಲೆ ಸುಳ್ಳು ಹಾಜರಿಗೆ ಜಾಗವೆಲ್ಲಿ ಎಂಬುದು ದಿಲ್ಲಿಯ ಲೆಕ್ಕಾಚಾರವಾಗಿತ್ತು. ಎರಡೂವರೆ ವರ್ಷ ಕಳೆದ ಮೇಲೆ, 2025ರ ಜುಲೈನಲ್ಲಿ, ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಸುತ್ತೋಲೆ ಕಳಿಸಿ ಈ ವ್ಯವಸ್ಥೆ ಎಲ್ಲೆಲ್ಲಿ ಸೋರುತ್ತಿದೆ ಎಂದು ಪಟ್ಟಿ ಮಾಡಬೇಕಾಯಿತು. ಅದರಲ್ಲೊಂದು ಫೋಟೊದ ಫೋಟೊ. ಮೊದಲೇ ತೆಗೆದಿಟ್ಟ ಚಿತ್ರವನ್ನು ಎದುರಿಗಿಟ್ಟು ಅದನ್ನೇ ಮತ್ತೆ ಕ್ಲಿಕ್ಕಿಸಿದರೆ ಮುಗಿಯಿತು, ಕೆಲಸಕ್ಕೆ ಯಾರೂ ಬರಬೇಕಿಲ್ಲ. ಅದೇ ವರ್ಷ ಯಾದಗಿರಿ ಜಿಲ್ಲೆಯಿಂದ ಇನ್ನೊಂದು ಬಗೆಯ ಸುದ್ದಿಯೂ ಬಂದಿತ್ತು. ಮಹಿಳಾ ಕೂಲಿಕಾರರು ನಿಲ್ಲಬೇಕಾದ ಕಡೆ ಗಂಡಸರೇ ಸೀರೆ ಉಟ್ಟು, ಸೆರಗು ಹೊದ್ದು ಸಾಲಾಗಿ ನಿಂತಿದ್ದ ಫೋಟೊಗಳು ಅವು.

ನಗು ಬರಿಸುವ ಈ ಎರಡು ಕೈಚಳಕಗಳ ನಡುವೆ ಒಂದು ವ್ಯತ್ಯಾಸವಿದೆ. ಫೋಟೊದ ಫೋಟೊದಲ್ಲಿ ವ್ಯಕ್ತಿ ನಿಜ, ಆದರೆ ಆಕೆ ಅಲ್ಲಿಲ್ಲ. ಸೀರೆಯುಟ್ಟ ಗಂಡಸು ಅಲ್ಲೇ ಇದ್ದಾನೆ, ಆದರೆ ಆಕೆಯಲ್ಲ. ಬ್ಯಾಂಕ್ ಖಾತೆ, ಸಾಲ, ಪಿಂಚಣಿಗೆಂದು ಮುಖ ತೋರಿಸಿ ಎನ್ನುವ ಆ್ಯಪ್‌ಗಳನ್ನು ಜಗತ್ತಿನಾದ್ಯಂತ ಕಾಡುತ್ತಿರುವುದೂ ಇವೇ ಎರಡು ಮೋಸಗಳು. ಮೊದಲನೆಯದನ್ನು ತಂತ್ರಜ್ಞರು ರಿಪ್ಲೇ ಎನ್ನುತ್ತಾರೆ, ಎರಡನೆಯದನ್ನು ಫೇಸ್ ಸ್ವಾಪ್.

ಮುಖ ತೋರಿಸಿ ಎನ್ನುವ ಆ್ಯಪ್ ಒಳಗೊಳಗೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ಈ ಮುಖ ದಾಖಲೆಯಲ್ಲಿರುವ ಮುಖಕ್ಕೆ ಹೊಂದುತ್ತದೆಯೇ ಎಂಬುದು ಒಂದು. ಎದುರಿಗಿರುವುದು ಈ ಕ್ಷಣದಲ್ಲಿ ಉಸಿರಾಡುತ್ತಿರುವ ಮನುಷ್ಯನೇ, ಅಥವಾ ಕಾಗದ, ಪರದೆ, ಮುಖವಾಡವೇ ಎಂಬುದು ಇನ್ನೊಂದು. ಈ ಎರಡನೆಯದರ ಹೆಸರೇ ಲೈವ್‌ನೆಸ್ ಪರೀಕ್ಷೆ. ಎರಡು ಪ್ರಶ್ನೆ, ಎರಡು ಉತ್ತರ. ಆ ಎರಡು ಉತ್ತರಗಳೂ ಒಬ್ಬನೇ ಮನುಷ್ಯನಿಂದ ಬಂದವು ಎಂದು ಆ್ಯಪ್ ನಂಬಿಕೊಳ್ಳುತ್ತದೆ. ವಂಚಕರು ಕೈ ಹಾಕುವುದು ಆ ನಂಬಿಕೆಗೆ.

ಲೈವ್‌ನೆಸ್ ಎಂಬ ಮಾತು ಜನಸಾಮಾನ್ಯರ ಫೋನಿಗೆ ಬಂದ ಬಗೆಯೇ ಒಂದು ಪಾಠ. 2011ರಲ್ಲಿ ಆಂಡ್ರಾಯ್ಡ್ 4.0 ಜೊತೆಗೆ ಮುಖ ತೋರಿಸಿ ಫೋನ್ ತೆರೆಯುವ ಸೌಲಭ್ಯ ಬಂತು. ಮಾಲೀಕನ ಫೋಟೊ ಹಿಡಿದರೂ ಫೋನ್ ತೆರೆದುಕೊಳ್ಳುತ್ತಿತ್ತು. ಮರುವರ್ಷ 4.1ನೇ ಆವೃತ್ತಿಯಲ್ಲಿ ಗೂಗಲ್ ಅದಕ್ಕೊಂದು ಮದ್ದು ತಂದಿತು. ಕಣ್ಣು ಮಿಟುಕಿಸಬೇಕು, ಫೋಟೊಗೆ ಅದು ಸಾಧ್ಯವೇ? ಸಾಧ್ಯವೆಂದು ಬೇಗನೆ ತೋರಿಸಿಕೊಟ್ಟರು. ಕಣ್ಣು ತೆರೆದಿರುವ ಒಂದು ಫೋಟೊ, ಅದನ್ನೇ ತಿದ್ದಿ ರೆಪ್ಪೆ ಮುಚ್ಚಿಸಿದ ಇನ್ನೊಂದು ಫೋಟೊ. ಎರಡನ್ನೂ ಒಂದಾದ ಮೇಲೊಂದು ತೋರಿಸಿದರೆ ಫೋನಿನ ಪಾಲಿಗೆ ಅದೇ ಮಿಟುಕು. ಚಾಪೆಯ ಕೆಳಗೆ ನುಸುಳುವವನನ್ನು ತಡೆದರೆ ರಂಗೋಲಿಯ ಕೆಳಗೆ ನುಸುಳುವ ಆಟ ಅಂದೇ ಶುರುವಾಯಿತು.

ನಂತರದ ವರ್ಷಗಳಲ್ಲಿ ಕಾವಲು ಗಟ್ಟಿಯಾಯಿತು. ಒಂದು ಪರದೆಯನ್ನು ಇನ್ನೊಂದು ಕ್ಯಾಮೆರಾ ನೋಡುವಾಗ ಎರಡರ ಚುಕ್ಕಿಸಾಲುಗಳು ಒಂದರ ಮೇಲೊಂದು ಬಿದ್ದು ಅಲೆಅಲೆಯಾದ ಗೆರೆಗಳು ಮೂಡುತ್ತವೆ. ಟಿವಿಯ ಫೋಟೊ ತೆಗೆದವರಿಗೆಲ್ಲ ಇದು ಗೊತ್ತು. ಲೈವ್‌ನೆಸ್ ತಂತ್ರಾಂಶ ಇಂಥ ಗೆರೆಗಳನ್ನು ಹುಡುಕುತ್ತದೆ. ಕಾಗದದ ಮೇಲೆ ಬೆಳಕು ಬೀಳುವುದಕ್ಕೂ ಚರ್ಮದ ಮೇಲೆ ಬೀಳುವುದಕ್ಕೂ ಇರುವ ಭೇದವನ್ನು ಗಮನಿಸುತ್ತದೆ. ಫೋನನ್ನು ಹತ್ತಿರ ತಂದಾಗ ನಿಜವಾದ ಮುಖದಲ್ಲಿ ಮೂಗು ಕಿವಿಗಿಂತ ಹೆಚ್ಚು ಉಬ್ಬಿ ಕಾಣಬೇಕು. ಚಪ್ಪಟೆ ಚಿತ್ರದಲ್ಲಿ ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

ಇವೆಲ್ಲ ಕ್ಯಾಮೆರಾದ ಮುಂದೆ ಇಟ್ಟ ವಸ್ತುವನ್ನು ಪರೀಕ್ಷಿಸುವ ವಿದ್ಯೆಗಳು. ಐಎಸ್‌ಒ 30107 ಎಂಬ ಅಂತರರಾಷ್ಟ್ರೀಯ ಮಾನದಂಡ ಹುಟ್ಟಿದ್ದೂ ಇದಕ್ಕಾಗಿಯೇ. ಪ್ರಯೋಗಾಲಯದವರು ಮುದ್ರಿತ ಫೋಟೊ, ಟ್ಯಾಬ್ಲೆಟ್ ಪರದೆ, ಮುಖವಾಡ ಹೀಗೆ ಒಂದೊಂದನ್ನೇ ಹಿಡಿದು ನೋಡಿ, ಎಷ್ಟು ಒಳಗೆ ಹೋದವು ಎಂದು ಎಣಿಸಿ ಪ್ರಮಾಣಪತ್ರ ಕೊಡುತ್ತಾರೆ. ಕಂಪನಿಗಳು ಆ ಪ್ರಮಾಣಪತ್ರವನ್ನು ಜಾಹೀರಾತಿನಲ್ಲಿ ಹೆಮ್ಮೆಯಿಂದ ಹಾಕಿಕೊಳ್ಳುತ್ತವೆ. ಆದರೆ ಕ್ಯಾಮೆರಾಕ್ಕೆ ಏನನ್ನೂ ತೋರಿಸದೆಯೇ ಒಳಗೆ ಹೋಗುವ ದಾರಿಯೊಂದಿದೆ. ಆ ಮಾನದಂಡದ ವ್ಯಾಪ್ತಿಗೆ ಅದು ಬರುವುದೇ ಇಲ್ಲ.

ಆ ದಾರಿ ಲೋಕಕ್ಕೆ ಚೆನ್ನಾಗಿ ಕಂಡಿದ್ದು ಶಾಂಘೈನಲ್ಲಿ. 2021ರ ಮೊದಲ ತಿಂಗಳುಗಳಲ್ಲಿ ಅಲ್ಲಿನ ಸರ್ಕಾರಿ ಅಭಿಯೋಜಕರು ಇಬ್ಬರ ಮೇಲೆ ಹೊರಿಸಿದ ಆರೋಪದ ವಿವರ ಚೀನಾದ ಪತ್ರಿಕೆಗಳಲ್ಲಿ ಬಂತು. ಆ ಇಬ್ಬರು 2018ರಿಂದ ಹೆಸರಿಗಷ್ಟೇ ಇದ್ದ ಕಂಪನಿಗಳ ಮೂಲಕ ನಕಲಿ ತೆರಿಗೆ ಇನ್‌ವಾಯ್ಸ್‌ಗಳನ್ನು ಮಾರುತ್ತಿದ್ದರು. ಇನ್‌ವಾಯ್ಸ್‌ಗಳ ಒಟ್ಟು ಮೊತ್ತ 50 ಕೋಟಿ ಯುವಾನ್, ಆಗಿನ ದರದಲ್ಲಿ ಐನೂರು ಕೋಟಿ ರೂಪಾಯಿಗೂ ಮಿಗಿಲು. ಅಂಥ ಕಂಪನಿ ನೋಂದಾಯಿಸಲು ತೆರಿಗೆ ಇಲಾಖೆಯ ಮುಖ ಪರೀಕ್ಷೆ ದಾಟಬೇಕು. ತಮ್ಮ ಸ್ವಂತ ಮುಖ ತೋರಿಸಿದರೆ ಸಿಕ್ಕಿಬೀಳುತ್ತಾರೆ. ಹಾಗಾಗಿ ಬೇರೆಯವರ ಮುಖ ಬೇಕಿತ್ತು.

ಅವರು ಮಾಡಿದ್ದು ಹೀಗೆ. ಕಳ್ಳಸಂತೆಯಲ್ಲಿ ಜನರ ಸ್ಪಷ್ಟ ಫೋಟೊ ಮತ್ತು ಗುರುತಿನ ವಿವರಗಳನ್ನು ಕೊಂಡರು. ಸ್ಥಿರಚಿತ್ರಕ್ಕೆ ಚಲನೆ ಕೊಡುವ ಆ್ಯಪ್ ಬಳಸಿ ಆ ಮುಖಗಳು ತಲೆಯಾಡಿಸುವ, ಕಣ್ಣು ಮಿಟುಕಿಸುವ, ಬಾಯಿ ತೆರೆಯುವ ವಿಡಿಯೊಗಳನ್ನು ಮಾಡಿಕೊಂಡರು. ಆ ವಿಡಿಯೊವನ್ನು ಇನ್ನೊಂದು ಪರದೆಯಲ್ಲಿ ಹಾಕಿ ಕ್ಯಾಮೆರಾಕ್ಕೆ ಹಿಡಿದಿದ್ದರೆ ಅಲೆಗೆರೆಗಳು ಅವರನ್ನು ಹಿಡಿದುಕೊಡುತ್ತಿದ್ದವೇನೋ. ಅವರು ಹಿಡಿಯಲಿಲ್ಲ. ಕ್ಯಾಮೆರಾದ ಕೆಲಸವನ್ನೇ ತಿದ್ದಿದ್ದ ವಿಶೇಷ ಫೋನೊಂದನ್ನು ಖರೀದಿಸಿದರು. ತೆರಿಗೆ ಆ್ಯಪ್ ‘ಕ್ಯಾಮೆರಾ ತೆರೆ’ ಎಂದಾಗ ಆ ಫೋನ್ ನಿಜವಾದ ಕ್ಯಾಮೆರಾವನ್ನು ತೆರೆಯುತ್ತಲೇ ಇರಲಿಲ್ಲ. ಮೊದಲೇ ಸಿದ್ಧಪಡಿಸಿದ ವಿಡಿಯೊವನ್ನು ಕ್ಯಾಮೆರಾದಿಂದ ಬಂತೆಂಬಂತೆ ಒಪ್ಪಿಸುತ್ತಿತ್ತು. ಕೋಟಿಗಟ್ಟಲೆಯ ವ್ಯವಹಾರಕ್ಕೆ ಬಂಡವಾಳ ಒಂದು ಫೋನ್ ಮತ್ತು ಕದ್ದ ಫೋಟೊಗಳ ಕಂತೆ.

ಇಲ್ಲಿ ಏನಾಯಿತೆಂದು ಒಮ್ಮೆ ನಿಧಾನವಾಗಿ ನೋಡಬೇಕು. ಆ್ಯಪ್‌ಗೆ ತನ್ನದೇ ಕಣ್ಣಿಲ್ಲ. ಅದು ಫೋನಿನ ಕಾರ್ಯಾಚರಣಾ ವ್ಯವಸ್ಥೆಯನ್ನು ಕೇಳುತ್ತದೆ, ವ್ಯವಸ್ಥೆ ಕ್ಯಾಮೆರಾದಿಂದ ಚಿತ್ರ ತಂದುಕೊಡುತ್ತದೆ. ನಡುವಿನ ಆಳು ಲಂಚಕೋರನಾದರೆ ಯಜಮಾನನಿಗೆ ತಿಳಿಯುವ ಬಗೆಯೇ ಇಲ್ಲ. ಗಾಜಿನ ಮೇಲಿನ ಹೊಳಪು, ಪರದೆಯ ಅಂಚು, ಅಲೆಗೆರೆ ಇವೆಲ್ಲ ಹುಟ್ಟುವುದು ಬೆಳಕು ಮಸೂರದ ಮೂಲಕ ಹಾದು ಬಂದಾಗ. ಕಡತವನ್ನೇ ನೇರವಾಗಿ ಒಳಗೆ ಸುರಿದರೆ ಅವು ಯಾವುವೂ ಇರುವುದಿಲ್ಲ. ಇದಕ್ಕೆ ಇಂಜೆಕ್ಷನ್ ದಾಳಿ ಎಂದು ಹೆಸರು. ಕಂಪ್ಯೂಟರಿನಲ್ಲಿ ಇದೇ ಕೆಲಸಕ್ಕೆ ವರ್ಚುವಲ್ ಕ್ಯಾಮೆರಾ ಎಂಬ ತಂತ್ರಾಂಶವಿದೆ. ಆನ್‌ಲೈನ್ ಪಾಠ ಮಾಡುವ ಮೇಷ್ಟ್ರುಗಳೂ ಗೇಮ್ ಪ್ರಸಾರ ಮಾಡುವ ಹುಡುಗರೂ ಅದನ್ನು ನ್ಯಾಯವಾಗಿಯೇ ಬಳಸುತ್ತಾರೆ. ಹಾಗಾಗಿ ಅದನ್ನು ಕಳ್ಳ ಉಪಕರಣವೆಂದು ನಿಷೇಧಿಸುವಂತೆಯೂ ಇಲ್ಲ.

‘ಯಾವ ಚಲನೆ ಕೇಳುತ್ತೇವೆಂದು ಮೊದಲೇ ಹೇಳದಿದ್ದರೆ ಸಿದ್ಧ ವಿಡಿಯೊ ಸೋಲುತ್ತದಲ್ಲ’ ಎಂದು ಯಾರಿಗಾದರೂ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಮಿಟುಕಿಸು, ಬಾಯಿ ತೆರೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂಬ ನಾಲ್ಕು ಅಪ್ಪಣೆಗಳಲ್ಲಿ ಯಾವುದಾದರೂ ಮೂರನ್ನು ಕಲೆಸಿ ಕೇಳಿದರೆ ಆಗುವ ಸಾಲುಗಳು ಬರೀ 24. ವಂಚಕ 24 ವಿಡಿಯೊ ಮಾಡಬೇಕಿಲ್ಲ. ನಾಲ್ಕು ತುಣುಕು ಇಟ್ಟುಕೊಂಡು, ಆ್ಯಪ್ ಕೇಳಿದಂತೆ ಒಂದೊಂದನ್ನೇ ಓಡಿಸಿದರೆ ಸಾಕು. ಕಣ್ಣು ಮಿಟುಕಿಸಿ ಎಂಬ ಪರೀಕ್ಷೆ ಇಂದಿಗೂ ಎಷ್ಟೋ ಆ್ಯಪ್‌ಗಳಲ್ಲಿ ಉಳಿದಿರುವುದು ಅದು ಗಟ್ಟಿ ಎಂಬ ಕಾರಣಕ್ಕಲ್ಲ, ಸುಲಭ ಎಂಬ ಕಾರಣಕ್ಕೆ ಇರಬೇಕು.

ಇದಕ್ಕಿಂತ ಜಾಣ ಉಪಾಯ ಬೆಳಕಿನದು. ಪರೀಕ್ಷೆಯ ಹೊತ್ತಿನಲ್ಲಿ ಫೋನಿನ ಪರದೆ ಕ್ಷಣಕ್ಕೊಂದು ಬಣ್ಣ ತಾಳುತ್ತದೆ. ಕೆಂಪು, ಹಸಿರು, ನೀಲಿ, ಹಳದಿ. ಆ ಬೆಳಕು ಕೆನ್ನೆಗೆ ಬಡಿದು ಮರಳುತ್ತದೆ, ಕ್ಯಾಮೆರಾ ಅದನ್ನು ಸೆರೆಹಿಡಿಯುತ್ತದೆ. ಏಳು ಬಣ್ಣಗಳಿಂದ ಎಂಟು ಮಿಂಚು, ಪಕ್ಕಪಕ್ಕದಲ್ಲಿ ಒಂದೇ ಬಣ್ಣ ಬರಬಾರದು ಎಂದಿಟ್ಟುಕೊಂಡರೆ ಸಾಧ್ಯವಿರುವ ಸಾಲುಗಳು ಹತ್ತಿರ ಹತ್ತಿರ 20 ಲಕ್ಷ. ಇದು ಮುಖದ ಮೇಲೆ ಬೀಳುವ ಒಟಿಪಿ ಇದ್ದಂತೆ. ನಿನ್ನೆ ತೆಗೆದ ವಿಡಿಯೊದಲ್ಲಿರುವ ಕೆನ್ನೆಯ ಮೇಲೆ ಇಂದಿನ ಬಣ್ಣಸಾಲು ಇರುವುದಿಲ್ಲವಾದ್ದರಿಂದ ಬರೀ ರಿಪ್ಲೇ ಇಲ್ಲಿ ಸೋಲುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ, ಹೊಲದ ಬದುವಿನ ಮೇಲೆ ನಿಂತವನ ಕೆನ್ನೆಗೆ ಫೋನಿನ ಬಣ್ಣ ತಾಗುವುದೇ ಇಲ್ಲ ಎಂಬುದು ಬೇರೆ ಮಾತು.

ಈಗ ಸೀರೆಯುಟ್ಟ ಗಂಡಸಿನ ಕಡೆ ಬರೋಣ.

ಫೇಸ್ ಸ್ವಾಪ್ ತಂತ್ರಾಂಶದಲ್ಲಿ ವಂಚಕ ತಾನೇ ಒಂದು ಕ್ಯಾಮೆರಾದ ಮುಂದೆ ಕೂರುತ್ತಾನೆ. ತಂತ್ರಾಂಶ ಪ್ರತಿ ಚಿತ್ರದಲ್ಲೂ ಅವನ ಮುಖವನ್ನು ಹುಡುಕಿ, ಕತ್ತರಿಸಿ, ಅದೇ ಭಾವ, ಅದೇ ಓರೆಯಲ್ಲಿ ಬಲಿಪಶುವಿನ ಮುಖವನ್ನು ರಚಿಸಿ, ಆ ಜಾಗಕ್ಕೆ ಅಂಟಿಸಿ ಅಂಚು ಮಸುಕುಗೊಳಿಸುತ್ತದೆ. ಇದೆಲ್ಲ ನಡೆಯುವುದು ಸೆಕೆಂಡಿನ ಸಣ್ಣ ಪಾಲಿನಲ್ಲಿ. ಹಿಂದೆ ಒಬ್ಬನ ಮುಖ ಕಲಿಯಲು ತಂತ್ರಾಂಶಕ್ಕೆ ಅವನ ಸಾವಿರಾರು ಚಿತ್ರ ಬೇಕಿದ್ದವು. 2024ರ ಹೊತ್ತಿಗೆ ಒಂದೇ ಫೋಟೊದಿಂದ ಈ ಕೆಲಸ ಮಾಡುವ ತಂತ್ರಾಂಶ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತಿತ್ತು. ಹೀಗೆ ತಯಾರಾದ ಚಿತ್ರಧಾರೆಯನ್ನು ವರ್ಚುವಲ್ ಕ್ಯಾಮೆರಾದ ಮೂಲಕ ಆ್ಯಪ್‌ಗೆ ಉಣಿಸುತ್ತಾರೆ.

ಸೋಮನ ಕುಣಿತದ ಮರದ ಮುಖವಾಡಕ್ಕೂ ಯಕ್ಷಗಾನದ ಮುಖವರ್ಣಿಕೆಗೂ ಇರುವ ವ್ಯತ್ಯಾಸ ಇಲ್ಲಿ ನೆನಪಾಗುತ್ತದೆ. ಮರದ ಮುಖವಾಡ ಹುಬ್ಬು ಹಾರಿಸದು. ಬಣ್ಣ ಹಚ್ಚಿದ ಮುಖದಲ್ಲಿ ಪ್ರತಿ ಸ್ನಾಯುವೂ ಕಲಾವಿದನದೇ. ಫೋಟೊ ಹಿಡಿಯುವುದು ಮುಖವಾಡದ ಮೋಸ, ಫೇಸ್ ಸ್ವಾಪ್ ಬಣ್ಣದ ಮೋಸ. ‘ನಕ್ಕು ತೋರಿಸಿ’ ಎಂದರೆ ವಂಚಕ ನಿಜಕ್ಕೂ ನಗುತ್ತಾನೆ. ‘ಈಗ ತೆರೆಯ ಮೇಲಿರುವ ಸಂಖ್ಯೆ ಓದಿ’ ಎಂದರೆ ಓದುತ್ತಾನೆ. ಎದುರಿಗಿರುವುದು ಜೀವಂತ ಮನುಷ್ಯನೇ ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರ ಸುಳ್ಳಲ್ಲ. ಜೀವ ಅವನದು, ಮುಖ ಇನ್ನೊಬ್ಬರದು. ಆ್ಯಪ್ ಎರಡನ್ನೂ ಕೂಡಿಸಿ ಒಬ್ಬನೆಂದು ಬರೆದುಕೊಳ್ಳುತ್ತದೆ.

ಎದೆಬಡಿತ ನೋಡಿ ಹಿಡಿಯಬಹುದು ಎಂಬ ಆಸೆ ಕೆಲಕಾಲ ಇತ್ತು. ಹೃದಯ ಬಡಿದಾಗಲೆಲ್ಲ ಚರ್ಮದ ಬಣ್ಣ ಕಣ್ಣಿಗೆ ಕಾಣದಷ್ಟು ಬದಲಾಗುತ್ತದೆ, ಆದರೆ ಕ್ಯಾಮೆರಾದ ಚಿತ್ರಗಳಿಂದ ಅದನ್ನು ಲೆಕ್ಕ ಹಾಕಬಹುದು. ಕೃತಕ ಮುಖಕ್ಕೆ ಹೃದಯವಿಲ್ಲವಲ್ಲ ಎಂಬುದು ತರ್ಕ. 2025ರಲ್ಲಿ ಬರ್ಲಿನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನ ಆ ಆಸೆಗೂ ತಣ್ಣೀರೆರಚಿತು. ಬದಲಿಸಿದ ಮುಖದಲ್ಲೂ ಎದೆಬಡಿತದ ಗುರುತು ಸಿಕ್ಕಿತು. ಅದು ಮೂಲ ವಿಡಿಯೊದಲ್ಲಿದ್ದ ವ್ಯಕ್ತಿಯ ಬಡಿತ, ಬಣ್ಣದ ಸೂಕ್ಷ್ಮ ಏರಿಳಿತದ ಜೊತೆಗೆ ಹೊಸ ಮುಖಕ್ಕೂ ಹರಿದು ಬಂದಿತ್ತು.

ಹಾಗೆಂದು ಸ್ವಾಪ್ ಮಾಡಿದ ಮುಖ ಎಲ್ಲೂ ಬಿಟ್ಟುಕೊಡುವುದಿಲ್ಲ ಎಂದಲ್ಲ. ಒಂದೇ ಫೋಟೊದಿಂದ ಕೆಲಸ ಮಾಡುವ ಜನಪ್ರಿಯ ತಂತ್ರಾಂಶಗಳ ಒಳಗಿರುವ ಮಾದರಿ ಮುಖವನ್ನು ರಚಿಸುವುದು ಕೇವಲ 128 ಚುಕ್ಕಿ ಅಗಲ, 128 ಚುಕ್ಕಿ ಎತ್ತರದ ಚೌಕದಲ್ಲಿ. ಅದನ್ನು ಹಿಗ್ಗಿಸಿ ಅಂಟಿಸಬೇಕು. ಹತ್ತಿರದಿಂದ ತೆಗೆದ ಸ್ಪಷ್ಟ ಚಿತ್ರದಲ್ಲಿ ಕುತ್ತಿಗೆಯ ಚರ್ಮದ ರಂಧ್ರ, ಕಿವಿಯ ಮಡಿಕೆ ಚುರುಕಾಗಿ ಕಂಡು ಕೆನ್ನೆ ಮಾತ್ರ ಬೆಣ್ಣೆ ಸವರಿದಂತೆ ನುಣುಪಾಗಿದ್ದರೆ ಅನುಮಾನಿಸಲು ಕಾರಣವಿದೆ. ಪೂರ್ತಿ ಪಕ್ಕಕ್ಕೆ ತಿರುಗಿ ಒಂದೇ ಕಿವಿ ಕಾಣುವಂತೆ ಕೂತರೆ, ತಂತ್ರಾಂಶಕ್ಕೆ ಮುಖದ ಗುರುತುಬಿಂದುಗಳು ಅರ್ಧಕ್ಕರ್ಧ ಕಳೆದುಹೋಗಿ ಮೂಗಿನ ಗೆರೆ ನಡುಗುತ್ತದೆ, ಕೆಲವೊಮ್ಮೆ ಒಂದು ಕ್ಷಣಕ್ಕೆ ವಂಚಕನ ಸ್ವಂತ ಮುಖವೇ ಇಣುಕುತ್ತದೆ. ಮುಖದ ಮುಂದೆ ಬೆರಳಾಡಿಸಿದಾಗಲೂ ಬೆರಳಿನ ಮೇಲೆಯೇ ತುಟಿ ಮೂಡುವಂಥ ಎಡವಟ್ಟುಗಳಾಗುತ್ತವೆ. ಹೊಸ ತಂತ್ರಾಂಶಗಳು ಇದನ್ನೂ ಸರಿಪಡಿಸಿಕೊಳ್ಳುತ್ತಿವೆ.

ಭಾರತದಲ್ಲಿ ಈ ವಿಷಯ ಬ್ಯಾಂಕಿನ ವಿಡಿಯೊ ಕೆವೈಸಿಗೆ ಬಂದು ತಾಗುತ್ತದೆ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ನಿಯಮದ ಪ್ರಕಾರ ತಂತ್ರಾಂಶ ಲೈವ್‌ನೆಸ್ ಪರೀಕ್ಷಿಸಬೇಕು, ಗ್ರಾಹಕ ಇರುವ ಸ್ಥಳ ದಾಖಲಾಗಬೇಕು, ದೇಶದ ಹೊರಗಿನ ಇಂಟರ್ನೆಟ್ ವಿಳಾಸದಿಂದ ಕರೆ ಬಂದರೆ ತಡೆಯಬೇಕು. ಜೊತೆಗೆ ಬ್ಯಾಂಕಿನ ತರಬೇತಾದ ಸಿಬ್ಬಂದಿಯೊಬ್ಬರು ಎದುರಿಗೆ ಕೂತು ಪ್ರಶ್ನೆ ಕೇಳಬೇಕು, ಆ ಪ್ರಶ್ನೆಗಳ ಕ್ರಮವನ್ನು ಸಲಸಲಕ್ಕೂ ಬದಲಿಸಬೇಕು. ಮೊದಲೇ ಮುದ್ರಿಸಿದ ವಿಡಿಯೊವನ್ನು ಹೊರಗಿಡುವುದೇ ಇದರ ಉದ್ದೇಶ. ರಿಪ್ಲೇಗೆ ಇದು ಒಳ್ಳೆಯ ಮದ್ದು. ಸ್ವಾಪ್ ಮಾಡಿಕೊಂಡು ಕೂತವನಿಗೆ ಪ್ರಶ್ನೆಯ ಕ್ರಮ ಯಾವುದಾದರೇನು? ವಿಡಿಯೊ ಕರೆಯಲ್ಲಿ ಚಿತ್ರ ಕುಗ್ಗಿ ಬರುವುದರಿಂದ ಆ 128 ಚುಕ್ಕಿಯ ನುಣುಪೂ ನೆಟ್‌ವರ್ಕ್ ತೊಂದರೆಯಲ್ಲಿ ಮುಚ್ಚಿಹೋಗುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಪ್ರಾಮಾಣಿಕನ ಮುಖವೂ ಅಷ್ಟೇ ಮಬ್ಬಾಗಿ ಕಾಣುತ್ತದೆ. ಖಾತೆ ಚಾಲ್ತಿಗೆ ಬರುವ ಮುನ್ನ ಇನ್ನೊಬ್ಬರು ದಾಖಲೆಯನ್ನು ಪರಿಶೀಲಿಸಲೇಬೇಕು ಎಂಬ ನಿಯಮವೂ ಇದೆ. ಇಂಥ ಮೋಸಕ್ಕೆ ಅದೇ ಹೆಚ್ಚು ಕೆಲಸಕ್ಕೆ ಬರುವ ಸಾಲು ಎನ್ನಬಹುದು.

ಹಾಂಗ್‌ಕಾಂಗ್‌ನಲ್ಲಿ 2023ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕಳೆದುಹೋದ ಎಂಟು ಗುರುತಿನ ಚೀಟಿಗಳನ್ನು ಬಳಸಿ 90 ಸಾಲದ ಅರ್ಜಿ, 54 ಬ್ಯಾಂಕ್ ಖಾತೆಯ ನೋಂದಣಿ ನಡೆದಿತ್ತು. ಕನಿಷ್ಠ 20 ಸಲ ಡೀಪ್‌ಫೇಕ್ ಮುಖದಿಂದ ಪರೀಕ್ಷೆಯನ್ನು ವಂಚಿಸಲಾಗಿತ್ತು ಎಂದು ಪೊಲೀಸರು ಹೇಳಿದರು. ಆ ಎಂಟೂ ಚೀಟಿ ಕಳೆದಿವೆ ಎಂದು ಮಾಲೀಕರು ಮೊದಲೇ ದೂರು ಕೊಟ್ಟಿದ್ದರು. ಮುಖವನ್ನು ಅಷ್ಟು ಸೂಕ್ಷ್ಮವಾಗಿ ನೋಡಿದ ವ್ಯವಸ್ಥೆ ಕಳೆದ ಚೀಟಿಗಳ ಪಟ್ಟಿಯೊಂದನ್ನು ನೋಡಿದ್ದರೂ ಸಾಕಿತ್ತೇನೋ.

ಬೇಕಾದ ಮುಖಗಳನ್ನು ಒದಗಿಸುವ ದಂಧೆಯೂ ಬೆಳೆದಿದೆ. ಥಾಯ್ಲೆಂಡ್‌ನಲ್ಲಿ 50 ಸಾವಿರ ಬಾತ್ ಮೀರಿದ ಹಣ ವರ್ಗಾವಣೆಗೆ ಮುಖ ಪರೀಕ್ಷೆ ಬೇಕೆಂದು ಅಲ್ಲಿನ ಕೇಂದ್ರ ಬ್ಯಾಂಕ್ 2023ರಲ್ಲಿ ಸೂಚಿಸಿತು. ಮರುವರ್ಷದ ಫೆಬ್ರವರಿಯಲ್ಲಿ ಗ್ರೂಪ್-ಐಬಿ ಎಂಬ ಭದ್ರತಾ ಸಂಸ್ಥೆ ‘ಗೋಲ್ಡ್‌ಪಿಕ್‌ಆಕ್ಸ್’ ಎಂಬ ಕಳ್ಳ ಆ್ಯಪ್‌ನ ವಿವರ ಹೊರಗೆಡವಿತು. ಸರ್ಕಾರಿ ಪಿಂಚಣಿ ಸೇವೆಯ ಸೋಗಿನಲ್ಲಿ ಬರುತ್ತಿದ್ದ ಅದು ಗುರುತಿನ ಚೀಟಿಯ ಫೋಟೊ ಕೇಳುತ್ತಿತ್ತು, ಆಮೇಲೆ ಮಿಟುಕಿಸಿ, ನಗಿ, ಎಡಬಲಕ್ಕೆ ತಿರುಗಿ, ಬಾಯಿ ತೆರೆಯಿರಿ ಎನ್ನುತ್ತಿತ್ತು. ಜನ ಬ್ಯಾಂಕಿನ ಆ್ಯಪ್‌ಗೆ ಮಾಡಿದಂತೆಯೇ ಇಲ್ಲೂ ವಿಧೇಯರಾಗಿ ಮಾಡಿ ತೋರಿಸುತ್ತಿದ್ದರು. ಲೈವ್‌ನೆಸ್ ಪರೀಕ್ಷೆಯ ಉತ್ತರಪತ್ರಿಕೆಯನ್ನು ಬಲಿಪಶುವಿನ ಕೈಯಿಂದಲೇ ಬರೆಸಿಕೊಂಡ ಹಾಗೆ.

ಕಾವಲುಗಾರರು ಈಗ ಮುಖ ನೋಡುವುದರ ಜೊತೆಗೆ ಚಿತ್ರ ಬಂದ ದಾರಿಯನ್ನೂ ನೋಡತೊಡಗಿದ್ದಾರೆ. ಇಂಜೆಕ್ಷನ್ ದಾಳಿಯನ್ನು ಪರೀಕ್ಷಿಸಲೆಂದೇ ಯುರೋಪು 2024ರಲ್ಲಿ ಪ್ರತ್ಯೇಕ ತಾಂತ್ರಿಕ ನಿರ್ದೇಶನವೊಂದನ್ನು ಹೊರತಂದಿತು. ಆ್ಯಪ್ ಈಗ ಗೂಗಲ್ ಅಥವಾ ಆ್ಯಪಲ್‌ನ ಸರ್ವರನ್ನು ಕೇಳಬಲ್ಲದು: ಈ ಫೋನಿನ ಒಳವ್ಯವಸ್ಥೆಯನ್ನು ಯಾರಾದರೂ ತಿದ್ದಿದ್ದಾರೆಯೇ? ಶಾಂಘೈನ ಫೋನ್ ಈ ಪ್ರಶ್ನೆಗೆ ತಡವರಿಸುತ್ತಿತ್ತು. ಇನ್ನೊಂದು ಉಪಾಯ ಕೈಯ ಅಲುಗಾಟದ್ದು. ಫೋನ್ ಕೈಯಲ್ಲಿದ್ದರೆ ಅದು ನಡುಗುತ್ತದೆ, ಒಳಗಿನ ಚಲನೆಯ ಸಂವೇದಕ ಆ ನಡುಕವನ್ನು ಬರೆದುಕೊಳ್ಳುತ್ತದೆ, ಚಿತ್ರವೂ ಅದೇ ತಾಳಕ್ಕೆ ಅಲುಗಬೇಕು. ಫೋನ್ ಮೇಜಿನ ಮೇಲೆ ಮಲಗಿದೆ ಎಂದು ಸಂವೇದಕ ಹೇಳಿ, ಚಿತ್ರ ಮಾತ್ರ ಕೈಯಲ್ಲಿ ಹಿಡಿದಂತೆ ತೂಗಾಡಿದರೆ ಎರಡರಲ್ಲೊಂದು ಸುಳ್ಳು. ಆದರೆ ಕ್ಯಾಮೆರಾದ ಚಿತ್ರವನ್ನು ಬದಲಿಸಬಲ್ಲವನು ಸಂವೇದಕದ ಅಂಕಿಗಳನ್ನೂ ಬದಲಿಸಲು ಪ್ರಯತ್ನಿಸುತ್ತಾನೆ.

ಇದೆಲ್ಲದರ ಕೊನೆಯಲ್ಲಿ ಯಾರೋ ಒಬ್ಬ ಎಂಜಿನಿಯರ್ ಒಂದು ಗೆರೆ ಎಳೆಯಬೇಕು. ತಂತ್ರಾಂಶ ಹೌದು ಅಥವಾ ಅಲ್ಲ ಎಂದು ಹೇಳುವುದಿಲ್ಲ, ಅಂಕ ಕೊಡುತ್ತದೆ. ಎಷ್ಟು ಅಂಕಕ್ಕೆ ಪಾಸು ಎಂಬುದು ಮನುಷ್ಯರ ತೀರ್ಮಾನ. ಗೆರೆ ಮೇಲೇರಿಸಿದರೆ ಹೆಚ್ಚು ವಂಚಕರು ಹೊರಗುಳಿಯುತ್ತಾರೆ, ಜೊತೆಗೆ ಹೆಚ್ಚು ಪ್ರಾಮಾಣಿಕರೂ. ಹೊರಗುಳಿಯುವ ಪ್ರಾಮಾಣಿಕರು ಯಾರೆಂದು ಊಹಿಸುವುದು ಕಷ್ಟವಲ್ಲ. 2021ರ ನವೆಂಬರಿನಿಂದ ಪಿಂಚಣಿದಾರರು ಜೀವನ ಪ್ರಮಾಣಪತ್ರಕ್ಕೆ ಫೋನಿನಲ್ಲೇ ಮುಖ ತೋರಿಸಬಹುದು. ಅಂಗನವಾಡಿಯಿಂದ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೂ 2025ರ ಜುಲೈಯಿಂದ ಮುಖ ಗುರುತು ಬೇಕು. ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿ, ಗೀಚು ಬಿದ್ದ ಅಗ್ಗದ ಕ್ಯಾಮೆರಾ, ಒಂದೇ ಬಲ್ಬಿನ ನಡುಮನೆ, ನಡುಗುವ ಕೈ. ‘ಕಣ್ಣು ಮಿಟುಕಿಸಿ’ ಎಂದರೆ ಅವಳ ರೆಪ್ಪೆ ಮುಚ್ಚಿದ್ದೇ ತಂತ್ರಾಂಶಕ್ಕೆ ಕಾಣದು. ಒಳಗೆ ಸುರಿದ ವಿಡಿಯೊದಲ್ಲಿ ಬೆಳಕು ಸಮವಾಗಿರುತ್ತದೆ, ಮುಖ ಚೌಕಟ್ಟಿನ ನಟ್ಟನಡುವೆ ನಿಲ್ಲುತ್ತದೆ, ಹೇಳಿದ ಕ್ಷಣಕ್ಕೆ ರೆಪ್ಪೆ ಮುಚ್ಚಿ ತೆರೆಯುತ್ತದೆ. ಅಜ್ಜಿಯ ಮೊಮ್ಮಗ ಅವಳನ್ನು ಅಂಗಳಕ್ಕೆ ಕರೆತಂದು, ಕನ್ನಡಕ ತೆಗೆಸಿ, ಮೂರನೇ ಸಲ ಪ್ರಯತ್ನಿಸುತ್ತಿರುತ್ತಾನೆ.